ಬಸುರಿ ಹೆಂಡತಿಗೆ ಅಂಜಲ್ ತರಲೇ, ಬೂತಾಯಿ ತರಲೇ?

ಪ್ರಶ್ನೆ: ಹೆಂಡತಿಗೆ ಈಗ ನಾಲ್ಕನೇ ತಿಂಗಳು. ಒಮೆಗಾ ತ್ರೀ ಬೇಕು, ಮೀನು ತಿನ್ನಿ ಅಂದಿದ್ದಾರೆ ಡಾಕ್ಟರ್. ಆದ್ರೆ ಮೀನಲ್ಲಿ ಪಾದರಸ ಇರುತ್ತೆ ಅಂತ ಓದಿದೆ. ನಾವು ಬೆಂಗಳೂರಲ್ಲಿ ವಾರಕ್ಕೊಮ್ಮೆ ಅಂಜಲ್ ತರ್ತೀವಿ. ಅದನ್ನೇ ಮುಂದುವರಿಸಬಹುದಾ?

ಹೆರಿಗೆಯಾಗಿ ಮಗು ಹಾಲು ಬಿಡುವ ತನಕ ಅಂಜಲ್ ಬೇಡ. ಅದರ ಬದಲು ಬೂತಾಯಿ ತನ್ನಿ. ನಿಮ್ಮ ಅಂಗಡಿಯವರು ಅದನ್ನು ಮತ್ತಿ ಅನ್ನಬಹುದು, ಕಾರವಾರದವರಾದರೆ ತಾರ್ಲೆ ಅಂತಾರೆ. ಬಂಗುಡೆಯೂ ಆಗುತ್ತದೆ. ನಾನು ಉಡುಪಿ ಕಡೆಯವಳು, ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅಂಜಲ್ ಫ್ರೈ ಬಿಡಿ ಅನ್ನೋದು ನನಗೂ ಕಷ್ಟವೇ.

ಒಮೆಗಾ ತ್ರೀಯನ್ನು ಮೂಲದಲ್ಲಿ ತಯಾರಿಸುವುದು ಸಮುದ್ರದ ಸೂಕ್ಷ್ಮ ಪಾಚಿ, ಮೀನಲ್ಲ. ಬೂತಾಯಿ ಆ ಪಾಚಿಯನ್ನೇ ಸೋಸಿ ತಿಂದು ಎಣ್ಣೆ ಕೂಡಿಸಿಕೊಳ್ಳುತ್ತದೆ. ಪಾದರಸವೂ ಅಲ್ಲಿಂದಲೇ ಶುರು. ಆದರೆ ಅದು ಮಾಂಸದ ಪ್ರೋಟೀನಿಗೆ ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲ. ಬೂತಾಯಿ ಬದುಕುವುದು ಎರಡು ಮೂರು ವರ್ಷ. ಅಂಜಲ್ ಹತ್ತು ವರ್ಷ ದಾಟಿಯೂ ಬದುಕುತ್ತದೆ, ಅಷ್ಟೂ ದಿನ ಸಣ್ಣ ಮೀನುಗಳನ್ನೇ ತಿಂದು ಅವುಗಳ ಪಾದರಸವನ್ನೆಲ್ಲ ಸೇರಿಸಿಕೊಳ್ಳುತ್ತದೆ. ತಾಟೆ (ಶಾರ್ಕ್) ಅದಕ್ಕಿಂತಲೂ ಮುಂದೆ. ದೊಡ್ಡ ಮೀನು ತಿಂದರೆ ಎಣ್ಣೆ ಹೆಚ್ಚು ಸಿಗುವುದಿಲ್ಲ, ಪಾದರಸ ಮಾತ್ರ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ಪರಿಸರ ಇಲಾಖೆಯ ಮಿತಿಯಂತೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮೈಕ್ರೋಗ್ರಾಂ ಪಾದರಸ. ನಿಮ್ಮ ಹೆಂಡತಿ 60 ಕಿಲೋ ಅಂತಿಟ್ಟುಕೊಂಡರೆ ವಾರಕ್ಕೆ 42 ಮೈಕ್ರೋಗ್ರಾಂ. ಅಲ್ಲಿನವರೇ ಅಳೆದಂತೆ ಕಿಂಗ್ ಮ್ಯಾಕೆರೆಲ್‌ನಲ್ಲಿ ಕಿಲೋಗೆ ಸರಾಸರಿ 0.73 ಮಿಲಿಗ್ರಾಂ ಪಾದರಸ ಇದೆ. ಅದರ 150 ಗ್ರಾಂ ತಿಂದರೆ ಸುಮಾರು 110 ಮೈಕ್ರೋಗ್ರಾಂ, ಅಂದರೆ ಎರಡೂವರೆ ವಾರದ ಪಾಲು ಒಂದೇ ಊಟಕ್ಕೆ ಮುಗಿಯಿತು. ಸಾರ್ಡೀನ್‌ನಲ್ಲಿ, ಅಂದರೆ ಬೂತಾಯಿ ಜಾತಿಯ ಮೀನಲ್ಲಿ, ಸರಾಸರಿ 0.013 ಮಿಲಿಗ್ರಾಂ. ಅಷ್ಟೇ ತಿಂದರೆ ಬರೀ 2 ಮೈಕ್ರೋಗ್ರಾಂ.

ನಮ್ಮ ಅಂಜಲ್ ಅವರ ಕಿಂಗ್ ಮ್ಯಾಕೆರೆಲ್‌ನ ದಾಯಾದಿ, ಅದೇ ಮೀನಲ್ಲ. ಹಾಗಾಗಿ ಅದೇ ಅಂಕಿ ಇಲ್ಲಿಗೂ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ. ಒಂದು ಕಿಲೋದ ಮರಿ ಅಂಜಲ್‌ಗೂ ಹತ್ತು ಕಿಲೋದ್ದಕ್ಕೂ ತುಂಬಾ ವ್ಯತ್ಯಾಸ. ಮನೆಯಲ್ಲಿ ಉಳಿದವರು ತಿನ್ನುವುದಾದರೆ ತುಂಡಿನ ಅಗಲ ನೋಡಿ ತಗೊಳ್ಳಿ. ಬೆನ್ನಿಂದ ಹೊಟ್ಟೆವರೆಗೆ ಅಗಲ ಹೆಚ್ಚಿದಷ್ಟೂ ಮೀನು ದೊಡ್ಡದು, ವಯಸ್ಸೂ ಹೆಚ್ಚು. ಹಾಗೇ, ಬಸುರಿಯರು ತಿನ್ನಬಾರದ ಮೀನುಗಳ ಪಟ್ಟಿಗಳಲ್ಲಿ ಮ್ಯಾಕೆರೆಲ್ ಅಂತ ಕಂಡ ಕೂಡಲೇ ಬಂಗುಡೆ ಬಿಡುವವರಿದ್ದಾರೆ. ಬಂಗುಡೆ ಬೇರೆಯೇ ಸಣ್ಣ ಮೀನು, ಧೈರ್ಯವಾಗಿ ತಿನ್ನಬಹುದು.

ಕ್ಲೀನ್ ಮಾಡಿದ ಮೇಲೆ 120–150 ಗ್ರಾಂ ಬರುವಷ್ಟು, ವಾರಕ್ಕೆ ಎರಡು ಸಲ ಸಾಕು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಬೂತಾಯಿ ಕೊಬ್ಬಿರುತ್ತದೆ. ಕಾವಲಿಗೆ ಹಾಕಿದರೆ ಅದರದೇ ಎಣ್ಣೆ ಜಿನುಗುತ್ತದೆ, ಹೊಟ್ಟೆಯೊಳಗೆ ಬೆಳ್ಳಗೆ ಕೊಬ್ಬು ಕಾಣುತ್ತದೆ. ಮೊಟ್ಟೆಯಿಡುವ ಹೊತ್ತಿನಲ್ಲಿ ಅದೇ ಮೀನು ಒಣ ಒಣ. ಸಾಧ್ಯವಾದರೆ ಪುಳಿಮುಂಚಿ ಅಥವಾ ಗಸಿ ಮಾಡಿ. ಬಿಟ್ಟ ಎಣ್ಣೆ ಸಾರಿನಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಒಂದಷ್ಟು ಬಾಣಲೆ ಪಾಲು. ಪಾದರಸ ಮಾತ್ರ ತೊಳೆದರೂ, ಬೇಯಿಸಿದರೂ, ಚರ್ಮ ತೆಗೆದರೂ ಹೋಗುವುದಿಲ್ಲ.

ಬೆಂಗಳೂರಲ್ಲಿ ನೀವು ನಿಜಕ್ಕೂ ಕಣ್ಣಿಡಬೇಕಾದದ್ದು ಐಸಿನ ಮೇಲೆ. ಬೂತಾಯಿ, ಬಂಗುಡೆಗಳನ್ನು ಐಸಿಲ್ಲದೆ ಬಿಟ್ಟರೆ ಹಿಸ್ಟಮಿನ್ ಅನ್ನುವ ವಿಷ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೀನಿನ ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು. ಹೊಟ್ಟೆ ಒಡೆದಿದ್ದರೆ ಬೇಡ. ಬಾಯಿಗಿಟ್ಟಾಗ ಮಸಾಲೆಗೆ ಸಂಬಂಧವಿಲ್ಲದ ಚುರುಚುರು ಅನಿಸಿದರೆ ತಟ್ಟೆ ಬದಿಗಿಡಿ. ಆಮೇಲೆ ಮುಖ ಕೆಂಪಾಗಿ ತಲೆನೋವು ಬಂದರೆ ಡಾಕ್ಟರ ಬಳಿ ಹೋಗಿ. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ. ಆಗ ದೂರದಿಂದ ಬರುವ ಮೀನು ಜಾಸ್ತಿ, ಸ್ವಲ್ಪ ಹೆಚ್ಚೇ ಪರೀಕ್ಷಿಸಿ.

ಇಷ್ಟು ದಿನ ತಿಂದ ಅಂಜಲ್ ಬಗ್ಗೆ ಅವರನ್ನು ಹೆದರಿಸಬೇಡಿ. ಮೈಯಲ್ಲಿರುವ ಪಾದರಸ ಸುಮಾರು ಐವತ್ತು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಈಗ ಬಿಟ್ಟರೆ ಹೆರಿಗೆಗೆ ಮುಂಚೆಯೇ ಬಹುಪಾಲು ಖಾಲಿ. ವಾರವಾರ ದೊಡ್ಡ ತುಂಡುಗಳೇ ಆಗಿದ್ದವು ಅನಿಸಿದರೆ ಮುಂದಿನ ಸಲ ಡಾಕ್ಟರಿಗೆ ಹೇಳಿ. ರಕ್ತದಲ್ಲಿ ಪಾದರಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕೋ ಬೇಡವೋ ಅವರು ನೋಡುತ್ತಾರೆ.