ಆಡಿಟ್‌ನಲ್ಲಿ ಭತ್ತದ ತೂಕದ ಕಂಟ್ರೋಲ್ ಲೋಪ ಯಾವ ದರ್ಜೆಗೆ ಸೇರುತ್ತೆ?

"ಸಿಂಧನೂರಿನ ಅಕ್ಕಿ ಗಿರಣಿ ಕಂಪನಿ. ವೇಬ್ರಿಡ್ಜ್ ತೂಕ ಬರೆಯೋರೇ ಬಿಲ್ ಪಾಸ್ ಮಾಡ್ತಾರೆ. ಖರೀದಿ 20 ಕೋಟಿ, ಮೆಟೀರಿಯಾಲಿಟಿ 40 ಲಕ್ಷ, ಸಿಕ್ಕ ತಪ್ಪು 3 ಲಕ್ಷ. ಸಿಗ್ನಿಫಿಕೆಂಟ್ ಡಿಫಿಷಿಯನ್ಸಿ ಸಾಕಲ್ವಾ ಸರ್?"

ಸಿಕ್ಕ ತಪ್ಪನ್ನೇ ಅಳತೆಗೋಲು ಮಾಡಿಕೊಂಡಿದ್ದೀರಿ, ಗೊಂದಲ ಅಲ್ಲಿಂದಲೇ ಬಂದಿರಬೇಕು. ನೋಡಬೇಕಾದ್ದು ಎಷ್ಟು ತಪ್ಪು ನುಸುಳಬಹುದಿತ್ತು ಅನ್ನೋದು. ತೂಕ ಶೇ. 2ರಷ್ಟು ಏರುಪೇರಾದರೂ 40 ಲಕ್ಷ, ಅಂದ್ರೆ ನಿಮ್ಮ ಮೆಟೀರಿಯಾಲಿಟಿಯಷ್ಟೇ ಆಯ್ತು. ಎರಡೂ ಕೆಲಸ ಒಬ್ಬರ ಕೈಲಿರುವಾಗ ಅದು ದೂರದ ಮಾತಲ್ಲ. ಮೊದಲು ಅದಕ್ಕಿಂತ ಗಂಭೀರ ದರ್ಜೆಯಾದ ಮೆಟೀರಿಯಲ್ ವೀಕ್‌ನೆಸ್ ಅಂತಲೇ ಇಟ್ಟುಕೊಳ್ಳಿ.

ಆಮೇಲೆ, ಬೇರೊಬ್ಬರು ತಿಂಗಳ ಕೊನೆಗೆ ಗೋದಾಮಿನ ದಾಸ್ತಾನನ್ನು ಖರೀದಿ ತೂಕದ ಜೊತೆ ತಾಳೆ ನೋಡ್ತಾರಾ ಪರೀಕ್ಷಿಸಿ. ಬರೀ ಸಹಿ ಸಾಲದು. ಶೇ. 3ರವರೆಗಿನ ವ್ಯತ್ಯಾಸವನ್ನು "ತೇವಾಂಶ" ಅಂತ ಬಿಟ್ಟುಬಿಡುತ್ತಿದ್ದರೆ 60 ಲಕ್ಷವೂ ಕಣ್ತಪ್ಪುತ್ತೆ, ಆ ತಾಳೆ ಲೆಕ್ಕಕ್ಕಿಲ್ಲ. ಬಿಗಿಯಾಗಿ, ವರ್ಷಾಂತ್ಯದವರೆಗೂ ನಡೆದಿದ್ದರೆ ಮಾತ್ರ ಸಿಗ್ನಿಫಿಕೆಂಟ್‌ಗೆ ಇಳಿಸಿ, ಆಡಳಿತ ಮಂಡಳಿಗೆ ಲಿಖಿತವಾಗಿ ತಿಳಿಸಿ. ಇಲ್ಲವಾದರೆ ಕಂಟ್ರೋಲ್ ವರದಿಯಲ್ಲಿ ಕ್ಲೀನ್ ಅಭಿಪ್ರಾಯ ಕೊಡಲಾಗದು. ಖರೀದಿ, ದಾಸ್ತಾನಿನ ನೇರ ಪರೀಕ್ಷೆಯನ್ನೂ ಹೆಚ್ಚಿಸಿ.