ವಾರ್ಷಿಕ ಜಿಎಸ್‌ಟಿ ರಿಟರ್ನ್‌ಗೆ 48,600 ರೂಪಾಯಿ ತಡಶುಲ್ಕ: ಪೂರ್ತಿ ಕಟ್ಟಬೇಕೇ?

ಪ್ರಶ್ನೆ: ನನ್ನದು ಸಿಮೆಂಟು, ಕಬ್ಬಿಣ, ಬಣ್ಣದ ಅಂಗಡಿ. ವರ್ಷದ ವ್ಯಾಪಾರ ಸುಮಾರು 2.40 ಕೋಟಿ. 2023-24ರ ಜಿಎಸ್‌ಟಿಆರ್-9 ಹಾಕಿಲ್ಲ. 2025ರ ಆಗಸ್ಟ್ 31ರವರೆಗೆ 243 ದಿನಕ್ಕೆ 48,600 ರೂಪಾಯಿ ಲೇಟ್ ಫೀ ಎಂದು ನೋಟಿಸು ಬಂದಿದೆ. ಏನಾದರೂ ಮಾಫಿ ಸಿಗುತ್ತದೆಯೇ?

ಉತ್ತರ:

ಊರಿನ ಚಿಕ್ಕ ಅಂಗಡಿಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ಈ ಥರದ ನೋಟಿಸುಗಳನ್ನು ಆಗಾಗ ನೋಡುತ್ತಿರುತ್ತೇನೆ. ನೀವು ಹೇಳಿದ ಅಂಕಿಗಳು ಸರಿಯಿದ್ದರೆ ಕಟ್ಟಬೇಕಾದದ್ದು 48,600 ಅಲ್ಲ, ಹೆಚ್ಚೆಂದರೆ 9,600. ಏನೂ ಕಟ್ಟಬೇಕಿಲ್ಲದೆಯೂ ಇರಬಹುದು. ಅದಕ್ಕೇ ಈಗಲೇ ಚಲನ್ ತೆಗೆಯಬೇಡಿ.

ಮೊದಲು ನೋಡಬೇಕಾದದ್ದು ಆ 2.40 ಕೋಟಿ ಎಲ್ಲಿಂದ ಬಂತು ಎಂಬುದನ್ನು. 2023-24ರಲ್ಲಿ ಒಟ್ಟು ವಹಿವಾಟು 2 ಕೋಟಿ ರೂಪಾಯಿ ದಾಟದವರಿಗೆ ವಾರ್ಷಿಕ ರಿಟರ್ನ್ ಹಾಕುವುದರಿಂದಲೇ ವಿನಾಯಿತಿ ಇದೆ (ಕೇಂದ್ರ ತೆರಿಗೆ ಅಧಿಸೂಚನೆ 14/2024, 2024ರ ಜುಲೈ 10). ಹಾಕಲೇಬೇಕೆಂದಿಲ್ಲದ ರಿಟರ್ನ್‌ಗೆ ತಡಶುಲ್ಕವೂ ಇಲ್ಲ. ಒಟ್ಟು ವಹಿವಾಟು ಎಂದರೆ ಜಿಎಸ್‌ಟಿ ಸೇರಿಸದ ಮಾರಾಟದ ಮೊತ್ತ. ಅಂಗಡಿಯವರನ್ನು ‘ವ್ಯಾಪಾರ ಎಷ್ಟು’ ಎಂದು ಕೇಳಿದರೆ ಬಹುತೇಕರು ಬಿಲ್ಲಿನ ಒಟ್ಟು ಮೊತ್ತ ಹೇಳುತ್ತಾರೆ, ಅದರಲ್ಲಿ ತೆರಿಗೆಯೂ ಸೇರಿರುತ್ತದೆ. ನಿಮ್ಮ ಅಂಗಡಿಗೆ ಈ ವ್ಯತ್ಯಾಸ ದೊಡ್ಡದು, ಏಕೆಂದರೆ ಆ ವರ್ಷ ಸಿಮೆಂಟಿಗೆ 28% ತೆರಿಗೆಯಿತ್ತು, ಕಬ್ಬಿಣಕ್ಕೂ ಬಣ್ಣಕ್ಕೂ 18%.

2.40 ಕೋಟಿ ತೆರಿಗೆ ಸೇರಿದ ಮೊತ್ತ, ಅದರಲ್ಲಿ ಅರ್ಧ ಸಿಮೆಂಟು ಎಂದಿಟ್ಟುಕೊಳ್ಳಿ. ಸಿಮೆಂಟಿನ 1.20 ಕೋಟಿಯಿಂದ ತೆರಿಗೆ ತೆಗೆದರೆ 93.75 ಲಕ್ಷ ಉಳಿಯುತ್ತದೆ. ಮಿಕ್ಕ 1.20 ಕೋಟಿಯಿಂದ ತೆಗೆದರೆ ಸುಮಾರು 1.017 ಕೋಟಿ. ಎರಡೂ ಸೇರಿ 1.95 ಕೋಟಿಯ ಹತ್ತಿರ, ಅಂದರೆ ಮಿತಿಯ ಒಳಗೆ. ಹಾಗಿದ್ದರೆ ನೋಟಿಸಿಗೆ ಬುಡವೇ ಇಲ್ಲ.

ಇದನ್ನು ಅಂದಾಜಿನಲ್ಲಿ ತೀರ್ಮಾನಿಸಬೇಡಿ. ಆ ವರ್ಷದ ಹನ್ನೆರಡೂ ಜಿಎಸ್‌ಟಿಆರ್-3ಬಿ ತೆಗೆದು ಕೋಷ್ಟಕ 3.1ರ ತೆರಿಗೆಗೆ ಒಳಪಡುವ ಮೌಲ್ಯಗಳನ್ನು ಕೂಡಿಸಿ (ಮೂರು ತಿಂಗಳಿಗೊಮ್ಮೆ ಹಾಕುವವರಾದರೆ ನಾಲ್ಕು). (a), (b), (c), (e) ಸಾಲುಗಳನ್ನು ಸೇರಿಸಿ, (d) ಬಿಡಿ. ರಿವರ್ಸ್ ಚಾರ್ಜ್‌ನಲ್ಲಿ ನೀವೇ ತೆರಿಗೆ ಕಟ್ಟುವ ಲಾರಿ ಬಾಡಿಗೆಯಂಥದ್ದು (d)ಯಲ್ಲಿರುತ್ತದೆ. ಅದು ನೀವು ಕೊಂಡದ್ದು, ಮಾರಿದ್ದಲ್ಲ, ಹಾಗಾಗಿ ವಹಿವಾಟಿಗೆ ಸೇರುವುದಿಲ್ಲ. ಇಡೀ ಕೋಷ್ಟಕವನ್ನು ಕೂಡಿಸಿಬಿಟ್ಟು ಮಿತಿ ದಾಟಿತೆಂದು ಗಾಬರಿಯಾಗುವವರಿದ್ದಾರೆ. ಇದರ ಇನ್ನೊಂದು ಮಗ್ಗುಲೂ ಇದೆ: ತೆರಿಗೆ ಇಲ್ಲದ ಮಾರಾಟ, ಅದೇ ಪ್ಯಾನ್‌ನಲ್ಲಿ ಬೇರೆ ರಾಜ್ಯದಲ್ಲಿರುವ ಅಂಗಡಿಯ ಮಾರಾಟ, ನಿಮ್ಮ ಹೆಸರಿಗೇ ಬರುವ ಮನೆ ಬಾಡಿಗೆ, ಇವೆಲ್ಲ ಒಟ್ಟು ವಹಿವಾಟಿಗೆ ಸೇರುತ್ತವೆ. 1.95 ಕೋಟಿಯಲ್ಲಿ ನಿಂತಿರುವವರಿಗೆ ಇವೇ ಗೆರೆ ದಾಟಿಸಬಹುದು.

ಲೆಕ್ಕ 2 ಕೋಟಿಯೊಳಗೆ ಬಂದರೆ ಈಗ ಅವಸರದಲ್ಲಿ ಜಿಎಸ್‌ಟಿಆರ್-9 ಹಾಕಲು ಹೋಗಬೇಡಿ. ತಿಂಗಳುವಾರು ಪಟ್ಟಿ ಮಾಡಿ, ಅಧಿಸೂಚನೆಯ ಸಂಖ್ಯೆ ಬರೆದು, ನೋಟಿಸಿಗೆ ಉತ್ತರ ಕೊಡಿ.

ಇನ್ನು, ತೆರಿಗೆ ಬಿಟ್ಟೂ ವಹಿವಾಟು 2.40 ಕೋಟಿಯೇ ಆಗಿದ್ದರೆ ರಿಟರ್ನ್ ಹಾಕಲೇಬೇಕು, ಶುಲ್ಕವೂ ಇದೆ. ಆದರೆ ದರ ಬೇರೆ. ಕಾಯ್ದೆಯ 47(2)ನೇ ಕಲಂನಲ್ಲಿ ಇರುವುದು ಕೇಂದ್ರಕ್ಕೆ ದಿನಕ್ಕೆ 100, ರಾಜ್ಯಕ್ಕೆ 100. ನಿಮ್ಮ ನೋಟಿಸಿನ 48,600 ಬಂದಿರುವುದು ಅಲ್ಲಿಂದಲೇ, 243 ದಿನಕ್ಕೆ 200ರಂತೆ. 2022-23ರಿಂದ ಈಚೆಗಿನ ವರ್ಷಗಳಿಗೆ ಅಧಿಸೂಚನೆ 07/2023 (2023ರ ಮಾರ್ಚ್ 31) ಇದನ್ನು ಇಳಿಸಿದೆ. 5 ಕೋಟಿವರೆಗಿನ ವಹಿವಾಟಿದ್ದರೆ ಎರಡೂ ಸೇರಿ ದಿನಕ್ಕೆ 50 ರೂಪಾಯಿ, ಗರಿಷ್ಠ ಮಿತಿ ರಾಜ್ಯದೊಳಗಿನ ವಹಿವಾಟಿನ 0.04%. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ.

ನಿಮಗೆ ಅನ್ವಯಿಸಿ ನೋಡೋಣ. ಕೊನೆಯ ದಿನ 2024ರ ಡಿಸೆಂಬರ್ 31. ಅಲ್ಲಿಂದ 243 ದಿನಕ್ಕೆ 50ರಂತೆ 12,150. ಆದರೆ 2.40 ಕೋಟಿಯ 0.04% ಎಂದರೆ 9,600, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೇಂದ್ರಕ್ಕೆ 4,800, ರಾಜ್ಯಕ್ಕೆ 4,800. ಈ ಮಿತಿ ನಿಮಗೆ 192ನೇ ದಿನಕ್ಕೆ, ಅಂದರೆ 2025ರ ಜುಲೈ 11ಕ್ಕೇ ಮುಟ್ಟಿತು. ಆಮೇಲೆ ಶುಲ್ಕ ಒಂದು ರೂಪಾಯಿಯೂ ಬೆಳೆದಿಲ್ಲ. ಹಾಗಂತ ಕೈಕಟ್ಟಿ ಕೂರಬೇಡಿ. ಕೊನೆಯ ದಿನದಿಂದ ಮೂರು ವರ್ಷ ಕಳೆದರೆ, ನಿಮ್ಮ ವಿಷಯದಲ್ಲಿ 2027ರ ಡಿಸೆಂಬರ್ 31 ದಾಟಿದರೆ, ಆ ವರ್ಷದ ರಿಟರ್ನ್ ಹಾಕುವ ಬಾಗಿಲೇ ಮುಚ್ಚುತ್ತದೆ.

ಮಾಫಿ ಎಂದು ಜನ ಮಾತಾಡಿಕೊಳ್ಳುವ ಯೋಜನೆ ನಿಮಗಲ್ಲ. ಅದು 2017-18ರಿಂದ 2021-22ರವರೆಗಿನ ಬಾಕಿ ವಾರ್ಷಿಕ ರಿಟರ್ನ್‌ಗಳನ್ನು 2023ರ ಏಪ್ರಿಲ್ 1ರಿಂದ ಆಗಸ್ಟ್ 31ರೊಳಗೆ ಹಾಕಿದವರಿಗೆ ಶುಲ್ಕವನ್ನು 20,000ಕ್ಕೆ ನಿಲ್ಲಿಸಿದ್ದು. ಅಧಿಕಾರಿಯ ಬಳಿ ಹೋಗಿ ‘ಸ್ವಲ್ಪ ಕಡಿಮೆ ಮಾಡಿ ಸಾರ್’ ಎಂದು ಕೇಳಿಯೂ ಪ್ರಯೋಜನವಿಲ್ಲ. ಮನ್ನಾ ಮಾಡುವ ಅಧಿಕಾರ 128ನೇ ಕಲಂನಡಿ ಇರುವುದು ಸರ್ಕಾರಕ್ಕೆ, ಅದೂ ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ. ನೀವು ಕೇಳುತ್ತಿರುವುದು ರಿಯಾಯಿತಿಯಲ್ಲ, ಜಾರಿಯಲ್ಲಿರುವ ದರ. ಪತ್ರದ ಧಾಟಿಯೂ ಹಾಗೇ ಇರಲಿ.

ರಿಟರ್ನ್ ಹಾಕುವಾಗ ಪೋರ್ಟಲ್ಲಿನಲ್ಲಿ ವಿವರ ತುಂಬಿ `Compute Liabilities` ಒತ್ತಿದರೆ ಶುಲ್ಕವನ್ನು ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಅಲ್ಲಿ 9,600 ಬಂದರೆ ಆ ಪುಟವನ್ನು ಉಳಿಸಿಕೊಳ್ಳಿ, ನಿಮ್ಮ ಉತ್ತರಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಐಟಿಸಿಯಿಂದ ಈ ಶುಲ್ಕ ಕಟ್ಟಲಾಗದು, ನಗದು ಲೆಡ್ಜರಿನಿಂದಲೇ ಹೋಗಬೇಕು. ಚಲನ್ ಮಾಡುವಾಗ ಹಣವನ್ನು `Fee` ಅಂಕಣದಲ್ಲಿ ಹಾಕಿ. `Penalty`ಯಲ್ಲೋ `Tax`ನಲ್ಲೋ ಹಾಕಿದರೆ ಹಣ ಲೆಡ್ಜರಿನಲ್ಲಿದ್ದೂ ಬಳಸಲಾಗುವುದಿಲ್ಲ, ಪಿಎಂಟಿ-09 ಹಾಕಿ ಬದಲಾಯಿಸಿಕೊಳ್ಳಬೇಕಾಗುತ್ತದೆ.

ನೋಟಿಸಿನ ತಲೆಯಲ್ಲಿ ಯಾವ ನಮೂನೆ ಎಂದು ನೋಡಿ. ಜಿಎಸ್‌ಟಿಆರ್-3ಎ ಆಗಿದ್ದರೆ ಅದು ರಿಟರ್ನ್ ಹಾಕಿ ಎಂಬ ಸೂಚನೆ, 15 ದಿನದ ಗಡುವು ಇರುತ್ತದೆ. ಮೊತ್ತ ನಮೂದಿಸಿದ ಡಿಆರ್‌ಸಿ-01 ಆಗಿದ್ದರೆ ಅದರಲ್ಲಿ ಕೊಟ್ಟ ದಿನಾಂಕದೊಳಗೆ ಡಿಆರ್‌ಸಿ-06ರಲ್ಲಿ ಉತ್ತರಿಸಬೇಕು. ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬಂದರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಉತ್ತರ ಉದ್ದ ಬೇಡ, ಇಷ್ಟು ಸಾಕು: ‘2023-24ರಲ್ಲಿ ನಮ್ಮ ಒಟ್ಟು ವಹಿವಾಟು 5 ಕೋಟಿಗಿಂತ ಕಡಿಮೆ. ಅಧಿಸೂಚನೆ 07/2023ರಂತೆ ತಡಶುಲ್ಕ 9,600 ರೂಪಾಯಿ ಮೀರುವಂತಿಲ್ಲ. ಅದನ್ನು ಕಟ್ಟಿ ರಿಟರ್ನ್ ಸಲ್ಲಿಸಿದ್ದೇವೆ, ಎಆರ್‌ಎನ್ ಲಗತ್ತಿಸಿದೆ. ಉಳಿದ 39,000 ರೂಪಾಯಿಯ ಬೇಡಿಕೆ ಕೈಬಿಡಬೇಕು.’

ಇಷ್ಟಾದ ಮೇಲೂ 48,600ಕ್ಕೇ ಡಿಆರ್‌ಸಿ-07 ಆದೇಶ ಬಂದರೆ, ಮೂರು ತಿಂಗಳೊಳಗೆ 161ನೇ ಕಲಂನಡಿ ತಿದ್ದುಪಡಿ ಕೇಳಬಹುದು. ದರ ತಪ್ಪಾಗಿ ಹಾಕಿದ್ದು ಆದೇಶ ಓದಿದರೇ ಕಾಣುವ ತಪ್ಪು. ಮೇಲ್ಮನವಿಗೂ ಮೂರು ತಿಂಗಳೇ ಇರುವುದರಿಂದ ತಿದ್ದುಪಡಿ ಅರ್ಜಿಯ ಉತ್ತರಕ್ಕೆ ಕಾಯುತ್ತಾ ಆ ಗಡುವು ಕಳೆದುಕೊಳ್ಳಬೇಡಿ.