44ಎಡಿಯಿಂದ ಒಂದು ವರ್ಷ ಹೊರಗೆ ಬಂದು ಮತ್ತೆ ವಾಪಸ್ ಹೋಗಬಹುದಾ?

"ಸ್ಟೇಷನರಿ ಅಂಗಡಿ ಇದೆ. ಎರಡು ವರ್ಷದಿಂದ ಆದಾಯ ತೆರಿಗೆಯ 44ಎಡಿ ಸೆಕ್ಷನ್‌ನಲ್ಲಿ, ಪುಸ್ತಕ ಇಡದೆ ವ್ಯಾಪಾರದ 8% ಇಲ್ಲವೇ 6% ಲಾಭ ಅಂತ ತೋರಿಸಿ, ರಿಟರ್ನ್ ಹಾಕ್ತಿದ್ದೀನಿ. 2025-26ರಲ್ಲಿ ವ್ಯಾಪಾರ 70 ಲಕ್ಷ ಆಗಿದೆ, ನಗದು 30, ಯುಪಿಐ 40. ಲಾಭ ಮಾತ್ರ ಎರಡು ಲಕ್ಷವೂ ಇಲ್ಲ. ಈ ಒಂದು ವರ್ಷ ನಿಜವಾದ ಲಾಭ ತೋರಿಸಿ ಮುಂದಿನ ವರ್ಷ ಮತ್ತೆ 44ಎಡಿಗೆ ಬರಬಹುದಾ? ತಂಗಿ ಆರ್ಕಿಟೆಕ್ಟ್, ಅವಳಿಗೂ ಇದೇ 8% ಲೆಕ್ಕ ನಡೆಯುತ್ತಾ?"

ಬೇಡ. ದಯವಿಟ್ಟು ಬೇಡ. ಇದೇ ಕೆಲಸ ಮಾಡಿ ಐದು ವರ್ಷ ವನವಾಸ ಅನುಭವಿಸಿದವನು ನಾನು.

ಹಾಸನದ ಹತ್ತಿರ ನಮ್ಮದು ಹಾರ್ಡ್‌ವೇರ್ ಅಂಗಡಿ. 2019-20ರವರೆಗೂ ನಿಮ್ಮ ಹಾಗೆಯೇ ಆರಾಮಾಗಿ 44ಎಡಿಯವರ ಐಟಿಆರ್-4 ಫಾರ್ಮ್ ಹಾಕುತ್ತಿದ್ದೆ. ಆಮೇಲೆ ಕೊರೊನಾ ಬಂತು. 2020-21ರಲ್ಲಿ ಎರಡು ತಿಂಗಳು ಶಟರ್ ಎತ್ತಲೇ ಇಲ್ಲ. ವರ್ಷದ ವ್ಯಾಪಾರ 62 ಲಕ್ಷ, ಬಾಡಿಗೆ, ಹುಡುಗರ ಸಂಬಳ ಎಲ್ಲ ಕಳೆದರೆ ಕೈಗೆ ಉಳಿದದ್ದು 1.4 ಲಕ್ಷ. ನಮಗೆ ರಿಟರ್ನ್ ಹಾಕಿಕೊಡುತ್ತಿದ್ದವರು "ಬಾರದ ಲಾಭಕ್ಕೆ ಯಾಕೆ ತೆರಿಗೆ ಕಟ್ಟುತ್ತೀರಿ, ಇದ್ದದ್ದು ಇದ್ದ ಹಾಗೆ ತೋರಿಸೋಣ" ಅಂದರು. ನನಗೂ ಸರಿ ಅನಿಸಿತು. ನಿಜವಾದ ಲಾಭದ ಲೆಕ್ಕ ಕೊಡುವ ಐಟಿಆರ್-3 ಫಾರ್ಮ್ ಹಾಕಿ 1.4 ಲಕ್ಷ ತೋರಿಸಿದೆವು.

ಈಗ ಆ ವರ್ಷದ 44ಎಡಿ ಲೆಕ್ಕ ಮಾಡಿ ನೋಡಿ. ನಗದು ವ್ಯಾಪಾರ 40 ಲಕ್ಷ, ಅದಕ್ಕೆ 8% ಅಂದರೆ 3.2 ಲಕ್ಷ. ಬ್ಯಾಂಕ್ ಮೂಲಕ ಬಂದದ್ದು 22 ಲಕ್ಷ, ಅದಕ್ಕೆ 6% ಅಂದರೆ 1.32 ಲಕ್ಷ. ಒಟ್ಟು 4.52 ಲಕ್ಷ. ಆಗ 5 ಲಕ್ಷದವರೆಗಿನ ಆದಾಯಕ್ಕೆ 87ಎ ಸೆಕ್ಷನ್‌ನಲ್ಲಿ ತೆರಿಗೆ ರಿಯಾಯಿತಿ ಇತ್ತು. ಅಂದರೆ 4.52 ಲಕ್ಷ ತೋರಿಸಿದ್ದರೂ ತೆರಿಗೆ ಸೊನ್ನೆ, 1.4 ಲಕ್ಷ ತೋರಿಸಿದರೂ ಸೊನ್ನೆ! ಒಂದು ರೂಪಾಯಿ ಉಳಿಯಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ. ಏನೂ ಉಳಿಸದ ಒಂದು ಲೆಕ್ಕಕ್ಕೋಸ್ಕರ ನಾನು ಕಳೆದುಕೊಂಡದ್ದು ಐದು ವರ್ಷ.

ಹೇಗೆ ಅಂತೀರಾ? 44ಎಡಿ ಒಳಗೆ ನಾಲ್ಕನೇ ಉಪವಿಭಾಗ ಅಂತ ಒಂದಿದೆ. ಒಮ್ಮೆ 44ಎಡಿಯಲ್ಲಿ ಆದಾಯ ತೋರಿಸಿದವರು, ಮುಂದಿನ ಐದು ವರ್ಷದೊಳಗೆ ಯಾವುದಾದರೂ ಒಂದು ವರ್ಷ ಆ ಲೆಕ್ಕಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಅದರ ನಂತರದ ಐದು ವರ್ಷ ಅವರಿಗೆ 44ಎಡಿ ಬಾಗಿಲು ಬಂದ್. ನಾನು 2020-21ರಲ್ಲಿ ಹೊರಗೆ ಬಂದೆ, ಆದ್ದರಿಂದ 2021-22ರಿಂದ 2025-26ರವರೆಗೆ ನನಗೆ ಅದು ಇಲ್ಲ. ಆ ಐದು ವರ್ಷದಲ್ಲಿ ಯಾವ ವರ್ಷ ಒಟ್ಟು ಆದಾಯ ತೆರಿಗೆ ಇಲ್ಲದ ಮೂಲ ಮಿತಿಯನ್ನು ದಾಟುತ್ತದೋ ಆ ವರ್ಷ ಲೆಕ್ಕಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ವ್ಯಾಪಾರ ಮಾಮೂಲಿ ಆಡಿಟ್ ಮಿತಿಯಾದ ಒಂದು ಕೋಟಿಗಿಂತ ಕಡಿಮೆ ಇದ್ದರೂ ಸರಿ.

ಮಜಾ ಏನೆಂದರೆ, ಹೊರಗೆ ಬಂದ ವರ್ಷ ಏನೂ ಆಗಲಿಲ್ಲ. 1.4 ಲಕ್ಷ ಆಗಿನ 2.5 ಲಕ್ಷದ ಮಿತಿಯೊಳಗೇ ಇತ್ತಲ್ವಾ, ಹಾಗಾಗಿ ಆ ವರ್ಷ ಆಡಿಟ್ ಬೇಕಾಗಲಿಲ್ಲ, ಯಾರೂ ಎಚ್ಚರಿಸಲೂ ಇಲ್ಲ. ಮುಂದಿನ ವರ್ಷ ವ್ಯಾಪಾರ 84 ಲಕ್ಷಕ್ಕೆ ಏರಿತು. ನಾನು ಸುಮ್ನೆ ಹಳೇ ಅಭ್ಯಾಸದಂತೆ ಐಟಿಆರ್-4 ಹಾಕಿದೆ. ಅದು ಸಲೀಸಾಗಿ ಹೋಯಿತು, ಪೋರ್ಟಲ್ ತಡೆಯಲಿಲ್ಲ. ರಿಟರ್ನ್ ಹೋಯಿತು ಅಂದರೆ ಎಲ್ಲ ಸರಿ ಇದೆ ಅಂತ ನಂಬಿದ್ದು ನನ್ನ ಎರಡನೇ ದಡ್ಡತನ. 2023ರಲ್ಲಿ ಬ್ಯಾಂಕಿನ ಓಡಿ ಸಾಲದ ಲಿಮಿಟ್ ಜಾಸ್ತಿ ಮಾಡಿಸೋಣ ಅಂತ ಒಬ್ಬ ಆಡಿಟರ್ ಹತ್ತಿರ ಹೋದಾಗ ಅವರು ಮೂರು ವರ್ಷದ ರಿಟರ್ನ್ ಸಾಲಾಗಿಟ್ಟು ನೋಡಿ ಕನ್ನಡಕ ತೆಗೆದರು. ಕೊನೆಗೆ ಆಡಿಟ್ ಮಾಡಿಸದ ಆ ವರ್ಷಕ್ಕೆ 84 ಲಕ್ಷದ ಅರ್ಧ ಪರ್ಸೆಂಟ್, ಅಂದರೆ 42,000 ರೂಪಾಯಿ ದಂಡ ಬಿತ್ತು. ಆಮೇಲೆ ಪ್ರತಿ ವರ್ಷ ಆಡಿಟ್ ಫೀಸು, ಮೊಳೆ ತಂದ ಬಿಲ್ಲಿನಿಂದ ಹಿಡಿದು ಚಹಾ ಖರ್ಚಿನವರೆಗೆ ಎಂಟ್ರಿ. ಮುಂಗಡ ತೆರಿಗೆಯನ್ನೂ 44ಎಡಿಯವರ ಹಾಗೆ ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಿ ಮುಗಿಸುವ ಹಾಗಿಲ್ಲ, ನಾಲ್ಕು ಕಂತು.

ಈಗ ನಿಮ್ಮ ಲೆಕ್ಕ. ನಗದು 30 ಲಕ್ಷಕ್ಕೆ 8%, 2.4 ಲಕ್ಷ. ಯುಪಿಐ 40 ಲಕ್ಷಕ್ಕೆ 6%, ಅದೂ 2.4 ಲಕ್ಷ. ಒಟ್ಟು 4.8 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ, 2025-26ಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ನಿಮ್ಮ ತೆರಿಗೆ ಸೊನ್ನೆ. ರಿಟರ್ನ್ ಮಾತ್ರ ಹಾಕಲೇಬೇಕು. ಹಾಗಾದರೆ ಎರಡು ಲಕ್ಷ ತೋರಿಸಿ ನೀವು ಉಳಿಸುವುದು ಏನನ್ನು? ನಿಮ್ಮ ಪ್ರಶ್ನೆಯ ಬುಡವೇ ತಪ್ಪು ಅಂತ ನಾನು ಹೇಳುವುದು ಇದಕ್ಕೆ. 44ಎಡಿಯಲ್ಲಿ "ನಿಜವಾದ ಲಾಭ ಕಡಿಮೆ ಬಂತು" ಅನ್ನುವುದು ವಿಷಯವೇ ಅಲ್ಲ. ಕಾನೂನು ಇಷ್ಟು ಅಂತ ಊಹಿಸಿಕೊಳ್ಳುತ್ತದೆ, ಅದಕ್ಕೆ ಬದಲಾಗಿ ನಿಮ್ಮನ್ನು ಪುಸ್ತಕದಿಂದ ಬಿಡುತ್ತದೆ. ಬಾಡಿಗೆ, ಸಂಬಳ, ಸವಕಳಿ ಎಲ್ಲ ಅದರೊಳಗೇ ಬಂದಾಯಿತು, ಮತ್ತೆ ಕಳೆಯುವ ಹಾಗಿಲ್ಲ. ಲಾಭ ಅದಕ್ಕಿಂತ ಜಾಸ್ತಿ ಬಂದಿದ್ದರೆ ಜಾಸ್ತಿಯೇ ತೋರಿಸಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ.

6% ಹಾಕುವಾಗ ಒಂದು ಕಡೆ ಹುಷಾರು. ಗಲ್ಲಾದ ನಗದನ್ನು ನೀವೇ ಬ್ಯಾಂಕಿಗೆ ಕಟ್ಟಿದರೆ ಅದು ಡಿಜಿಟಲ್ ಆಗುವುದಿಲ್ಲ, 8%ನಲ್ಲೇ ಇರುತ್ತದೆ. ಗಿರಾಕಿಯಿಂದ ಹಣ ಹೇಗೆ ಬಂತು ಅನ್ನುವುದೇ ಲೆಕ್ಕ. ಮಾರ್ಚ್‌ನಲ್ಲಿ ಉದ್ರಿ ಕೊಟ್ಟ ಮಾಲಿನ ಹಣ ರಿಟರ್ನ್ ಹಾಕುವ ಕೊನೆ ದಿನದೊಳಗೆ ಯುಪಿಐಯಲ್ಲಿ ಬಂದರೆ ಅದಕ್ಕೂ 6% ಸಾಕು. 2025ರ ಜುಲೈನಲ್ಲಿ ಯುಪಿಐ ವ್ಯಾಪಾರ ನೋಡಿ ಕಳಿಸಿದ ಜಿಎಸ್‌ಟಿ ನೋಟಿಸಿನ ಗಲಾಟೆಯಾದಾಗ ನಮ್ಮ ಬೀದಿಯಲ್ಲೂ ಕ್ಯೂಆರ್ ಬೋರ್ಡ್ ಕಿತ್ತು ಒಳಗಿಟ್ಟವರಿದ್ದರು. ಆದಾಯ ತೆರಿಗೆ ದೃಷ್ಟಿಯಿಂದ ನೋಡಿದರೆ ಅವರು ತಮ್ಮ 6% ಬಿಟ್ಟು 8%ಗೆ ಹೋದರು, ಅಷ್ಟೆ.

ಒಂದೇ ಕಡೆ ನನ್ನ ಮಾತು ಬೇರೆ. ಪ್ರತಿ ವರ್ಷವೂ ಎರಡು ಪರ್ಸೆಂಟ್ ಮಾತ್ರ ಸಿಗುವ ಸಗಟು ವ್ಯಾಪಾರ ಆಗಿದ್ದರೆ ಮೊದಲ ದಿನದಿಂದಲೇ 44ಎಡಿಗೆ ಕಾಲಿಡಬೇಡಿ, ಪುಸ್ತಕ ಇಡಿ. ಇನ್ನು ಕಮಿಷನ್, ದಲಾಲಿ, ಏಜೆನ್ಸಿ ಮಾಡುವವರಿಗೆ ಅದು ಇಲ್ಲವೇ ಇಲ್ಲ. ನಮ್ಮ ಊರಿನ ಮಂಡಿಯವರಿಗೆ ಇದನ್ನು ಹೇಳಿದರೆ ನನ್ನ ಮೇಲೇ ಸಿಟ್ಟಾಗುತ್ತಾರೆ.

ತಂಗಿಯ ವಿಷಯ. ಆರ್ಕಿಟೆಕ್ಟ್‌ಗೆ 8% ನಡೆಯುವುದಿಲ್ಲ. ಡಾಕ್ಟರ್, ವಕೀಲರು, ಎಂಜಿನಿಯರ್, ಇಂಟೀರಿಯರ್ ಮಾಡುವವರ ಹಾಗೆ ಅವರೂ 44ಎಡಿಎಗೆ ಬರುತ್ತಾರೆ. ಅಲ್ಲಿ ಬಂದ ಫೀಸಿನ ಅರ್ಧವೇ ಆದಾಯ. ವರ್ಷಕ್ಕೆ 18 ಲಕ್ಷ ಫೀಸು ಬಂದರೆ 9 ಲಕ್ಷ. ಮಿತಿ 50 ಲಕ್ಷ, ನಗದು 5% ದಾಟದಿದ್ದರೆ 75 ಲಕ್ಷ. ಅವರಿಗೆ ನಮ್ಮ ಹಾಗೆ ಐದು ವರ್ಷದ ಬೀಗ ಇಲ್ಲ. ಯಾವುದೋ ವರ್ಷ ಖರ್ಚು ಜಾಸ್ತಿಯಾಗಿ ಅರ್ಧಕ್ಕಿಂತ ಕಡಿಮೆ ತೋರಿಸಬೇಕಾದರೆ ಆ ವರ್ಷಕ್ಕೆ ಪುಸ್ತಕ ಇಟ್ಟು, ಒಟ್ಟು ಆದಾಯ ಮೂಲ ಮಿತಿ ದಾಟಿದರೆ ಆಡಿಟ್ ಮಾಡಿಸಿ ಮುಂದಿನ ವರ್ಷ ವಾಪಸ್ ಬರಬಹುದು. ನೀವು ಕೇಳಿದ ಸೌಲಭ್ಯ ಇರುವುದು ತಂಗಿಗೆ, ನಿಮಗಲ್ಲ.

ಏಪ್ರಿಲ್ 2026ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ನೀವು ಹಾಕುವುದು 2025-26ರ ರಿಟರ್ನ್, ಹಾಗಾಗಿ ಹಳೇ 44ಎಡಿಯೇ. ಐಟಿಆರ್-4ರಲ್ಲಿ 4.8 ಲಕ್ಷ ಬರೆದು ಕಳಿಸಿ. ನಾನಂತೂ ಈ ವರ್ಷವೂ ಆಡಿಟರ್ ಮುಂದೆ ಬಿಲ್ಲಿನ ಕಟ್ಟು ಹಿಡಿದು ಕೂರಬೇಕು, ಕೊನೇ ಸಲ.